ಮಂಗಳೂರಿನ ಮಳೆಗೆ ಥರ್ಮಾಮೀಟರ್ ಒಂದೇ ಸಾಲದು

ಜುಲೈ ತಿಂಗಳು. ಮಂಗಳೂರಿನಲ್ಲಿ ಎಂಬತ್ತು ಜನ ಕೂರುವ ಒಂದು ಆಫೀಸಿನಿಂದ ಫೋನ್ ಬಂತು. "ಎಸಿ 24 ತೋರಿಸ್ತದೆ ಸರ್, ಆದ್ರೆ ಮೈಯೆಲ್ಲ ಅಂಟು ಅಂಟು. ಫೈಲುಗಳೆಲ್ಲ ಮೆತ್ತಗಾಗಿವೆ, ಕಪಾಟಿನ ಹಿಂದೆ ಬೂಷ್ಟು. ಎಂತ ಮಾಡೂದು ಮಾರಾಯ್ರೆ?" ಅಂದರು ಮೇಂಟೆನೆನ್ಸ್ ನೋಡಿಕೊಳ್ಳುವವರು.

ಅಲ್ಲಿ ಟೆರೇಸಿನ ಮೇಲೆ ಒಂದು ಡಿಒಎಎಸ್ ಯೂನಿಟ್ ಇದೆ, ಅಂದರೆ ಹೊರಗಿನ ಗಾಳಿಯನ್ನಷ್ಟೇ ತೆಗೆದುಕೊಂಡು, ಅದರ ತೇವ ತೆಗೆದು, ಒಳಗೆ ಕಳಿಸುವ ಯಂತ್ರ. ಅದರೊಳಗೆ ಎಂಥಾಲ್ಪಿ ವೀಲ್ ಅಂತ ಒಂದು ದೊಡ್ಡ ಚಕ್ರ. ಜೇನುಗೂಡಿನ ಹಾಗೆ ಸಣ್ಣ ತೂತುಗಳಿರುವ ಅಲ್ಯೂಮಿನಿಯಂ, ಅದಕ್ಕೆ ತೇವ ಹೀರುವ ಸಿಲಿಕಾ ಜೆಲ್ ಲೇಪ. ನಿಮಿಷಕ್ಕೆ ಸುಮಾರು 20 ಸುತ್ತು. ಅರ್ಧ ಚಕ್ರದಲ್ಲಿ ಹೊರಗಿನ ಗಾಳಿ ಒಳಗೆ ಬರುತ್ತದೆ, ಇನ್ನರ್ಧದಲ್ಲಿ ಆಫೀಸಿನ ತಂಪು ಒಣ ಗಾಳಿ ಹೊರಗೆ ಹೋಗುತ್ತದೆ. ಹೋಗುವ ಗಾಳಿ ತನ್ನ ತಂಪನ್ನು ಚಕ್ರಕ್ಕೆ ಬಿಟ್ಟು, ಚಕ್ರ ಹೀರಿಟ್ಟ ತೇವವನ್ನು ಹೊತ್ತುಕೊಂಡು ಹೋಗುತ್ತದೆ. ಚಕ್ರ ದಾಟಿದ ಗಾಳಿಯನ್ನು ಕೂಲಿಂಗ್ ಕಾಯಿಲ್ 12 ಡಿಗ್ರಿಗೆ ಇಳಿಸಿ ಉಳಿದ ನೀರನ್ನು ಹಿಂಡುತ್ತದೆ. ರೂಮಿನ ಎಸಿಗಳಿಗೆ ಉಳಿಯುವುದು ಬರೀ ಬಿಸಿ ತೆಗೆಯುವ ಕೆಲಸ.

ಈಗ ಸೈಕ್ರೋಮೆಟ್ರಿಕ್ ಚಾರ್ಟ್, ಅಂದರೆ ಗಾಳಿಯ ತಾಪಮಾನ, ತೇವ ಎರಡನ್ನೂ ಒಟ್ಟಿಗೆ ತೋರಿಸುವ ನಕ್ಷೆಯ ಮೇಲೆ ಎರಡು ಚುಕ್ಕಿ ಇಡೋಣ. ಮೊದಲನೆಯದು ಮೇ ತಿಂಗಳ ಸೆಕೆ: 33 ಡಿಗ್ರಿ, 65% ಆರ್ದ್ರತೆ. ಒಂದು ಕಿಲೋ ಒಣ ಗಾಳಿಯ ಜೊತೆ 20.8 ಗ್ರಾಂ ನೀರಿನ ಆವಿ. ಎರಡನೆಯದು ಜುಲೈ ಮಳೆ: 26 ಡಿಗ್ರಿ, 95%. ಆವಿ ಎಷ್ಟು? 20.3 ಗ್ರಾಂ. ಏಳು ಡಿಗ್ರಿ ಇಳಿದರೂ ನೀರು ಅರ್ಧ ಗ್ರಾಂ ಮಾತ್ರ ಕಮ್ಮಿ! ಕರಾವಳಿಯಲ್ಲಿ "ಮಳೆ ಬಂತು, ಎಸಿಗೆ ಕೆಲಸ ಕಮ್ಮಿ" ಅನ್ನುವುದು ರೂಮಿನ ಎಸಿಗೆ ಸರಿ, ಡಿಒಎಎಸ್‌ಗೆ ಅಲ್ಲ.

(ನಡುವೆ ಒಂದು ಮಾತು. ಬೆಂಗಳೂರಿನ ನನ್ನ ಸಹೋದ್ಯೋಗಿ ಇದೇ ಲೆಕ್ಕ ಹಾಕಿದಾಗ ಮಳೆಯ ಚುಕ್ಕಿಗೆ 22.7 ಗ್ರಾಂ ಬಂದಿತ್ತು. ನೋಡಿದರೆ ಅವರ ಆ್ಯಪ್‌ನಲ್ಲಿ ಎತ್ತರ 920 ಮೀಟರ್ ಅಂತಲೇ ಇತ್ತು. ಎತ್ತರದಲ್ಲಿ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ಚಾರ್ಟೇ ಬೇರೆ.)

ಡಿಸೈನ್ ಹೀಗಿತ್ತು. ಒಳಗೆ 24 ಡಿಗ್ರಿ, 55%, ಅಂದರೆ 10.2 ಗ್ರಾಂ. ಗಾಳಿ ಸೆಕೆಂಡಿಗೆ 1 ಕಿಲೋ, ಅಂದರೆ ನಿಮಿಷಕ್ಕೆ ಸುಮಾರು 1,750 ಘನ ಅಡಿ. ಕಾಯಿಲ್ ದಾಟಿದ ಗಾಳಿಯಲ್ಲಿ 8.5 ಗ್ರಾಂ. ಈ ಎರಡರ ನಡುವಿನ 1.7 ಗ್ರಾಂನಲ್ಲೇ ಎಂಬತ್ತು ಜನರ ಉಸಿರು, ಬೆವರಿನ ತೇವ ಹೋಗಬೇಕು. ಲೆಕ್ಕ ಸರಿಯಾಗಿಯೇ ಕೂರುತ್ತದೆ, ಆದರೆ ಜಾಸ್ತಿ ಏನೂ ಉಳಿಯುವುದಿಲ್ಲ.

ಚಕ್ರ ಇಲ್ಲದಿದ್ದರೆ ಮೇ ಮಧ್ಯಾಹ್ನ ಕಾಯಿಲ್‌ಗೆ 53 ಕಿಲೋವ್ಯಾಟ್ ಕೆಲಸ, ಅಂದರೆ 15 ಟನ್. ಚಕ್ರದ ಸಾಮರ್ಥ್ಯ ಕ್ಯಾಟಲಾಗ್ ಪ್ರಕಾರ 75%. ಹೊರಗಿನ ಮತ್ತು ಒಳಗಿನ ಗಾಳಿಯ ನಡುವೆ ಇರುವ ಅಂತರದಲ್ಲಿ ಮುಕ್ಕಾಲು ಭಾಗ ಚಕ್ರದಲ್ಲೇ ಕಳೆಯುತ್ತದೆ, ಆಗ ಕಾಯಿಲ್‌ಗೆ ಉಳಿಯುವುದು 7.3 ಟನ್. ಅದನ್ನು ನಂಬಿ ಏಳೂವರೆ ಟನ್ ಕಾಯಿಲ್ ಹಾಕಿದ್ದರು.

ಮಳೆಯ ದಿನ ಚಕ್ರ ದಾಟಿದ ಗಾಳಿ 24.5 ಡಿಗ್ರಿ, 12.7 ಗ್ರಾಂ ಇರಬೇಕು. ಪ್ಯಾನೆಲ್ ಬೋರ್ಡ್ ನೋಡಿದೆ, 25 ತೋರಿಸುತ್ತಿತ್ತು. ಅರ್ಧ ಡಿಗ್ರಿ ವ್ಯತ್ಯಾಸಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಅಲ್ಲೇ ಎಲ್ಲರೂ ಮೋಸ ಹೋಗುವುದು. ಹೊರಗೆ 26, ಒಳಗೆ 24 ಇದ್ದಾಗ ಚಕ್ರ ಚೆನ್ನಾಗಿ ಕೆಲಸ ಮಾಡಿದರೂ, ಪೂರ್ತಿ ನಿಂತೇ ಹೋಗಿದ್ದರೂ ತಾಪಮಾನದಲ್ಲಿ ಕಾಣುವ ಅಂತರ ಒಂದೂವರೆ ಡಿಗ್ರಿ ಅಷ್ಟೇ. ಸೆನ್ಸರ್ ಸ್ವಲ್ಪ ಆಚೀಚೆ ಆದರೂ ಅಷ್ಟು ತಪ್ಪುತ್ತದೆ. ಹಾಗಾಗಿ ವೆಟ್ ಬಲ್ಬ್, ಅಂದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಹಿಡಿದೆ. 22.7 ಬಂತು. ಸರಿ ಇದ್ದಿದ್ದರೆ 20ರ ಹತ್ತಿರ ಇರಬೇಕಿತ್ತು. ಚಾರ್ಟ್‌ನಲ್ಲಿ ಗುರುತು ಹಾಕಿದರೆ 16.4 ಗ್ರಾಂ!

ಮೊದಲು ಚಕ್ರದ ಮೇಲೇ ಅನುಮಾನ ಬಂತು. ಬೆಲ್ಟ್ ಜಾರಿ ಚಕ್ರ ನಿಧಾನವಾದರೆ ಮೊದಲು ಹೊಡೆತ ಬೀಳುವುದು ತೇವದ ವಿನಿಮಯಕ್ಕೆ, ತಾಪಮಾನದ್ದು ಆಮೇಲೆ. ಬೆಲ್ಟಿಗೆ ಒಂದು ಚಾಕ್‌ಪೀಸ್ ಗುರುತು ಹಾಕಿ, ವಾಚು ಹಿಡಿದು ಎಣಿಸಿದೆ. ಬೆಲ್ಟ್ ಜಾರುತ್ತಿರಲಿಲ್ಲ, ಚಕ್ರದ ಸುತ್ತೂ ಸರಿಯಾಗಿತ್ತು. ಲೇಪವೂ ಚೊಕ್ಕವಾಗಿತ್ತು. ಆಮೇಲೆ ಹೊರಹೋಗುವ ಗಾಳಿ ಅಳೆದೆ. ಒಳಬರುವ ಗಾಳಿಯ 60% ಮಾತ್ರ ಇತ್ತು. ಉಳಿದದ್ದು ಎಲ್ಲಿ? ಟಾಯ್ಲೆಟ್‌ಗಳ ಎಕ್ಸಾಸ್ಟ್ ಫ್ಯಾನ್‌ಗಳು ತಮ್ಮಷ್ಟಕ್ಕೆ ಗೋಡೆಯಿಂದ ಹೊರಗೆ ತಳ್ಳುತ್ತಿದ್ದವು. ಅಷ್ಟು ತಂಪು ಒಣ ಗಾಳಿ ಚಕ್ರದ ಮುಖವನ್ನೇ ನೋಡದೆ ಸೀದಾ ಬೀದಿಗೆ.

ಕ್ಯಾಟಲಾಗ್‌ನ 75% ಎರಡೂ ಕಡೆ ಗಾಳಿ ಸಮ ಇದ್ದಾಗಿನ ಮಾತು. ಹೊರಹೋಗುವ ಗಾಳಿ 60% ಆದರೆ ಆ ಕಡಿಮೆ ಗಾಳಿಯ ಲೆಕ್ಕದಲ್ಲಿ ಸಾಮರ್ಥ್ಯ 85%ಕ್ಕೆ ಏರುತ್ತದೆ, ಆದರೆ ಒಳಬರುವ ಗಾಳಿಗೆ ಸಿಗುವುದು 0.85 × 0.6, ಅಂದರೆ 51% ಅಷ್ಟೇ. ಅದರ ಮೇಲೆ ಇನ್ನೊಂದು ಪೆಟ್ಟು ಇದೆ. ಕಾಯಿಲ್ ಮೇಲೆ ಹೊರೆ ಬಿದ್ದು, ಅದು 12 ಡಿಗ್ರಿಗೆ ಇಳಿಸಲಾಗದೆ 14.5ಕ್ಕೇ ನಿಂತಿತ್ತು. ಒಳಗೆ ಹೋಗುವ ಗಾಳಿಯೇ 10 ಗ್ರಾಂ. ಜನರ ತೇವ, ಬಾಗಿಲು ತೆಗೆದಾಗಲೆಲ್ಲ ನುಗ್ಗುವ ಹೊರಗಿನ ಗಾಳಿ, ಮೂಲೆಯಲ್ಲಿ ಸಾಲಾಗಿ ನಿಲ್ಲಿಸಿದ ಒದ್ದೆ ಕೊಡೆಗಳು, ಎಲ್ಲ ಸೇರಿ ರೂಮಿನಲ್ಲಿ 12.7 ಗ್ರಾಂ, 68%. ರೂಮಿನ ಎಸಿಗಳೋ, ಮಳೆಯಲ್ಲಿ ಬೇಗ 24 ಮುಟ್ಟಿ ನಿಂತುಬಿಡುತ್ತವೆ, ನೀರು ಹಿಂಡುವ ಮೊದಲೇ. ಆ ತೇವದ ಗಾಳಿಯೇ ತಿರುಗಿ ಚಕ್ರಕ್ಕೆ ಹೋಗುತ್ತದೆ, ಅದಕ್ಕೆ ಹೀರಿಕೊಳ್ಳಲು ಜಾಗವೇ ಕಮ್ಮಿ. ಹೀಗೆ ಒಂದು ಇನ್ನೊಂದನ್ನು ಕೆಡಿಸುತ್ತಾ ಹೋಗುತ್ತದೆ.

ಪರಿಹಾರ ದೊಡ್ಡದೇನಲ್ಲ. ಟಾಯ್ಲೆಟ್ ಡಕ್ಟ್‌ಗಳನ್ನು ಚಕ್ರದ ಎಕ್ಸಾಸ್ಟ್ ಕಡೆಗೆ ತಂದು, ಆ ಫ್ಯಾನಿನ ಪುಲ್ಲಿ ಬದಲಿಸಿದೆವು. "ಟಾಯ್ಲೆಟ್ ಗಾಳಿ ತಿರುಗಿ ಒಳಗೆ ಬರಲ್ವಾ?" ಅಂತ ಕೇಳಿದರು, ಕೇಳಲೇಬೇಕಾದ ಪ್ರಶ್ನೆ. ಕಟ್ಟಡಗಳ ಗಾಳಿ ವ್ಯವಸ್ಥೆಗಿರುವ ಅಮೆರಿಕದ ಮಾನದಂಡ ASHRAE 62.1 ಟಾಯ್ಲೆಟ್ ಗಾಳಿಯನ್ನು ಎರಡನೇ ದರ್ಜೆಯದ್ದು ಅನ್ನುತ್ತದೆ, ವೀಲ್‌ನಲ್ಲಿ ಸೋರಿಕೆ 10% ಮೀರದಿದ್ದರೆ ಒಪ್ಪುತ್ತದೆ. ಚಕ್ರದ ತೂತುಗಳಲ್ಲಿ ಉಳಿದ ಹಳೆ ಗಾಳಿಯನ್ನು ಹೊರಗೆ ತಳ್ಳುವ ಪರ್ಜ್ ಭಾಗ ಇರಬೇಕು. ಫ್ಯಾನ್‌ಗಳೂ ಒಳಬರುವ ಕಡೆಯ ಒತ್ತಡ ಜಾಸ್ತಿ ಇರುವ ಹಾಗೆ ಕೂತಿರಬೇಕು, ಆಗ ಸೋರಿದರೂ ಹೊರಗಿನ ಕಡೆಗೇ ಸೋರುತ್ತದೆ. ಇಲ್ಲಿ ಎರಡೂ ಇತ್ತು.

ಕಂಟ್ರೋಲರ್‌ನಲ್ಲಿ ಇನ್ನೊಂದು ತರಲೆ ಸಿಕ್ಕಿತು. ಹೊರಗಿನ ತಾಪಮಾನ ಒಳಗಿನದ್ದಕ್ಕಿಂತ ಕಮ್ಮಿ ಆದರೆ ಚಕ್ರ ನಿಲ್ಲಿಸು ಅಂತ ಬರೆದಿದ್ದರು. ಒಣ ಹವೆಯ ಊರಿಗೆ ಇದು ಸರಿ. ಮಂಗಳೂರಿನ ಮಳೆಗಾಲದ ಬೆಳಗ್ಗೆ ಹೊರಗೆ 23.5 ಡಿಗ್ರಿ, ಚಕ್ರ ನಿಂತಿತು, ಆದರೆ ಆ ಗಾಳಿಯಲ್ಲಿ 17.7 ಗ್ರಾಂ ನೀರು! ಡಿಗ್ರಿ ಬಿಟ್ಟು ಎಂಥಾಲ್ಪಿ, ಅಂದರೆ ಗಾಳಿಯ ಬಿಸಿ, ತೇವ ಎರಡೂ ಸೇರಿದ ಒಟ್ಟು ಶಾಖವನ್ನು ಹೋಲಿಸುವ ಹಾಗೆ ಮಾಡಿಸಿದೆವು.

ಈಗ ಹೊರಹೋಗುವ ಗಾಳಿ 90% ಇದೆ, ಉಳಿದ 10% ಕಟ್ಟಡದ ಒಳಗೆ ಒತ್ತಡ ಉಳಿಸಿಕೊಳ್ಳಲು ಬೇಕು. ಚಕ್ರ 70% ಕೊಡುತ್ತದೆ. ಆ ಲೆಕ್ಕದಲ್ಲಿ ಮಳೆಯ ದಿನ ಕಾಯಿಲ್‌ಗೆ 7.1 ಟನ್, ಹೊಂದುತ್ತದೆ. ಮೇ ಮಧ್ಯಾಹ್ನ ಮಾತ್ರ 7.8 ಬೇಕು, ಇರುವುದು 7.5. ಅಷ್ಟು ಹೊತ್ತು ಒಳಗೆ ಆರ್ದ್ರತೆ ಒಂದೆರಡು ಪರ್ಸೆಂಟ್ ಜಾಸ್ತಿ ಆಗುತ್ತದೆ ಅಂತ ಅವರಿಗೆ ಮೊದಲೇ ಹೇಳಿ, ಬರೆದುಕೊಟ್ಟು ಬಂದೆ. ಹಾಗೇ ಕೊಡೆಗಳನ್ನು ಬಾಗಿಲ ಹೊರಗೆ ಇಡಿ ಅಂತಲೂ.