ಬೀಟೆ ಪೆಟ್ಟಿಗೆಯ ಮುಚ್ಚಳ ಬೂದು ಬಣ್ಣಕ್ಕೆ ತಿರುಗಿದ್ದು ಯಾಕೆ?

ಮೈಸೂರಿನ ಬೀಟೆ ಮರದ ಇನ್‌ಲೇ ಪೆಟ್ಟಿಗೆ ಗೊತ್ತಲ್ಲ? ಕಪ್ಪು ಕಂದು ಮರದಲ್ಲಿ ಆನೆ, ಬಳ್ಳಿ, ಅಂಬಾರಿಯ ಆಕಾರಕ್ಕೆ ಕುಳಿ ಕೊರೆದು, ಅದರೊಳಗೆ ತಿಳಿ ಬಣ್ಣದ ಬೇರೆ ಮರದ ತುಂಡುಗಳನ್ನು ಕೂರಿಸುತ್ತಾರೆ. ಮೇಲೆ ಹೊಳೆಯುವಂತೆ ಪಾಲಿಶ್ ಹೊಡೆಯುತ್ತಾರೆ. ಇಂಥ ಪೆಟ್ಟಿಗೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ಪರಿಚಯದವರೊಬ್ಬರು ಮನೆಯ ಕಿಟಕಿ ಪಕ್ಕ ಫೋನಿನಲ್ಲಿ ಫೋಟೋ ತೆಗೆದು, ಒಂದು ಎಐ ಆ್ಯಪ್‌ಗೆ ಹಾಕಿ, ಅದಕ್ಕೆ ಕೊಡುವ ಸೂಚನೆಯನ್ನು, ಅಂದರೆ ಪ್ರಾಂಪ್ಟನ್ನು, ಹೀಗೆ ಟೈಪ್ ಮಾಡಿದ್ದರು:

```
rosewood inlay box, white background, no shadow, shiny, professional photo
```

ಬಂದ ಚಿತ್ರ ಮೊದಲ ನೋಟಕ್ಕೆ ಚೆನ್ನಾಗಿಯೇ ಇತ್ತು. ಆಮೇಲೆ ಒಂದೊಂದೇ ತೊಂದರೆ ಕಾಣತೊಡಗಿತು. ಮುಚ್ಚಳದ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಬೂದು ಪರದೆ. ನೆರಳು ಬೇಡ ಅಂದಿದ್ದರೂ ಪೆಟ್ಟಿಗೆಯ ಸುತ್ತ ಒಂದೇ ಸಮ ಮಸುಕಾದ ನೆರಳು. ಪೆಟ್ಟಿಗೆ ನೆಲದಿಂದ ಒಂದು ಬೆರಳು ಮೇಲೆ ತೇಲುತ್ತಿದೆ ಅನ್ನಿಸುತ್ತಿತ್ತು. ಎಡಗಡೆಯ ಆನೆಗೆ ಮೂರೇ ಕಾಲು.

ಬೂದು ಪರದೆಯಿಂದಲೇ ಶುರು ಮಾಡೋಣ. ಪಾಲಿಶ್ ಹೊಡೆದ ಮರದಲ್ಲಿ ಬೆಳಕು ಎರಡು ದಾರಿಯಲ್ಲಿ ವಾಪಸ್ ಬರುತ್ತದೆ. ಒಂದಿಷ್ಟು ಪಾಲಿಶ್ ದಾಟಿ ಮರವನ್ನು ಮುಟ್ಟಿ, ಮರದ ಬಣ್ಣ ಹೊತ್ತು, ಎಲ್ಲ ದಿಕ್ಕಿಗೂ ಚದುರುತ್ತದೆ. ನಾವು ಮರ ಅಂತ ನೋಡುವುದು ಇದನ್ನೇ. ಇನ್ನೊಂದಿಷ್ಟು ಪಾಲಿಶ್‌ನ ಮೇಲ್ಮೈಯಿಂದಲೇ, ಕನ್ನಡಿಯಲ್ಲಿ ಆಗುವ ಹಾಗೆ, ಬಂದ ಕೋನದಲ್ಲೇ ಆಚೆಗೆ ಹೊರಟುಹೋಗುತ್ತದೆ. ಇದಕ್ಕೆ ಮರದ ಬಣ್ಣ ಅಂಟುವುದಿಲ್ಲ. ಎದುರಿಗೆ ಬಿಳಿ ಗೋಡೆ ಇದ್ದರೆ ಬಿಳಿ, ಹಸಿರು ಪರದೆ ಇದ್ದರೆ ಹಸಿರು.

ಈ ಕನ್ನಡಿ ಬೆಳಕು ಎಷ್ಟು ಅನ್ನುವುದು ನೋಡುವ ಕೋನದ ಮೇಲೆ ನಿಂತಿದೆ. ಮುಚ್ಚಳವನ್ನು ನೇರ ಮೇಲಿನಿಂದ ನೋಡಿದರೆ ನೂರರಲ್ಲಿ ಸುಮಾರು 4 ಪಾಲು ಮಾತ್ರ. ಕ್ಯಾಮೆರಾ ಕೆಳಗಿಳಿದು ಮುಚ್ಚಳದ ಮಟ್ಟಕ್ಕಿಂತ ಬರೀ 15 ಡಿಗ್ರಿ ಮೇಲಿದ್ದರೆ ಅದು 25ರ ಹತ್ತಿರಕ್ಕೆ ಏರುತ್ತದೆ. ಬೀಟೆ ಮರ ತಾನೇ ಕಪ್ಪು. ಬಿದ್ದ ಬೆಳಕಿನಲ್ಲಿ ಸ್ವಲ್ಪವನ್ನಷ್ಟೇ ವಾಪಸ್ ಕೊಡುತ್ತದೆ. ಅದರ ಮೇಲೆ ಹಿಂದಿನ ಬಿಳಿ ಹಾಳೆಯ ಪ್ರತಿಬಿಂಬ ಇಷ್ಟು ಜಾಸ್ತಿ ಬಂದು ಕೂತರೆ ಮರದ ಎಳೆ ಮುಳುಗಿಹೋಗುತ್ತದೆ. ಅಂದರೆ ಪೆಟ್ಟಿಗೆಯ ಹಿಂದೆ ಎತ್ತರಕ್ಕೆ ನಿಲ್ಲಿಸಿದ ಬಿಳಿ ಹಾಳೆಯೇ ಮುಚ್ಚಳದ ಶತ್ರು. ಮಂಡ್ಯದ ಅಚ್ಚು ಬೆಲ್ಲ ಮಾರುವವರಿಗೆ ಈ ತಲೆನೋವು ಅಷ್ಟಾಗಿ ಇಲ್ಲ. ಒಣಗಿದ ಬೆಲ್ಲದ ಮೈ ಒರಟು, ಬೆಳಕನ್ನು ಚದುರಿಸುತ್ತದೆ. ಅದರ ಹಿಂದೆ ಯಾವ ಹಾಳೆ ನಿಲ್ಲಿಸಿದರೂ ನಡೆಯುತ್ತದೆ.

ಹಾಗಾದರೆ ಬಿಳಿ ಹಿನ್ನೆಲೆ ಬಿಡಬೇಕಾ? ಬಿಡುವ ಹಾಗಿಲ್ಲ. ಅಮೆಜಾನ್‌ನಂಥ ಕಡೆ ಮುಖ್ಯ ಚಿತ್ರದ ಹಿನ್ನೆಲೆ ಅಪ್ಪಟ ಬಿಳಿಯೇ ಆಗಿರಬೇಕು, ಅಂದರೆ ಕೆಂಪು ಹಸಿರು ನೀಲಿ ಮೂರೂ ಗರಿಷ್ಠ ಮಟ್ಟವಾದ 255ರಲ್ಲಿ ಇರಬೇಕು. ಉಪಾಯ ಕೋನದಲ್ಲಿದೆ. ಕ್ಯಾಮೆರಾವನ್ನು ಮುಚ್ಚಳಕ್ಕಿಂತ ಸುಮಾರು 35 ಡಿಗ್ರಿ ಮೇಲಿಂದ ಇಳಿಜಾರಾಗಿ ನೋಡುವಂತೆ ಇಟ್ಟುಕೊಳ್ಳಿ. ಆಗ ಮುಚ್ಚಳ ತೋರಿಸುವುದು ಪೆಟ್ಟಿಗೆಯ ಆಚೆ ಬದಿಯಲ್ಲಿ ಅಷ್ಟೇ 35 ಡಿಗ್ರಿ ಎತ್ತರದಲ್ಲಿ ಏನಿದೆಯೋ ಅದನ್ನು. ಆದರೆ ಚಿತ್ರದಲ್ಲಿ ಪೆಟ್ಟಿಗೆಯ ಹಿಂದೆ ಕಾಣುವುದು ಗೋಡೆಯಲ್ಲ, ಕೆಳಗೆ ಹಾಸಿದ ಹಾಳೆ. ಹಾಗಾಗಿ ಕೆಳಗೆ ಬಿಳಿ ಹಾಳೆ ಹಾಸಿ, ಆಚೆ ಎತ್ತರದಲ್ಲಿ ಒಂದು ಕಪ್ಪು ಬಟ್ಟೆ ತೂಗಿಬಿಟ್ಟರೆ ಹಿನ್ನೆಲೆ ಬಿಳಿ, ಮುಚ್ಚಳ ಕಪ್ಪು, ಎರಡೂ ಸಿಗುತ್ತವೆ. ಬಟ್ಟೆ ಚಿತ್ರದ ಚೌಕಟ್ಟಿನೊಳಗೆ ಬರುವುದೇ ಇಲ್ಲ.

35 ಡಿಗ್ರಿಗೆ ಇನ್ನೊಂದು ಲಾಭವಿದೆ. ಪಾಲಿಶ್‌ನಂಥ ಪಾರದರ್ಶಕ ಪದರದಲ್ಲಿ ಸುಮಾರು ಈ ಕೋನಕ್ಕೆ ಕನ್ನಡಿ ಬೆಳಕೆಲ್ಲ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಡೇವಿಡ್ ಬ್ರೂಸ್ಟರ್ 1815ರಲ್ಲಿ ಕೊಟ್ಟ ನಿಯಮ ಇದು. ಒಂದು ದಿಕ್ಕಿನ ಕಂಪನವನ್ನಷ್ಟೇ ಒಳಗೆ ಬಿಡುವ ಪೋಲರೈಸ್ಡ್ ಕೂಲಿಂಗ್ ಗ್ಲಾಸಿನ ಒಂದು ಗಾಜನ್ನು ಫೋನಿನ ಲೆನ್ಸ್ ಮುಂದೆ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿ. ಒಂದು ಕಡೆ ಬಂದಾಗ ಮುಚ್ಚಳದ ಪರದೆ ಥಟ್ಟನೆ ಮಾಯವಾಗಿ ಮರದ ಎಳೆ ಎದ್ದು ಕಾಣುತ್ತದೆ. ಹಿತ್ತಾಳೆ ದೀಪಕ್ಕೆ ಈ ಆಟ ನಡೆಯುವುದಿಲ್ಲ, ಲೋಹದ ಹೊಳಪು ಹೀಗೆ ಅಳಿಯುವುದಿಲ್ಲ.

ಇದೆಲ್ಲ ಫೋಟೋ ತೆಗೆಯುವವರ ಕತೆ, ಪ್ರಾಂಪ್ಟ್ ಬರೆಯುವವರಿಗೆ ಯಾಕೆ ಅನ್ನಬಹುದು. ಆ್ಯಪ್ ಬೆಳಕಿನ ಕಿರಣಗಳ ಲೆಕ್ಕ ಹಾಕುವುದಿಲ್ಲ, ಅದಕ್ಕೇ. ಇಂಥ ಬಹುಪಾಲು ಆ್ಯಪ್‌ಗಳು ಗೊಂದಲಮಯ ಚುಕ್ಕಿಗಳಿಂದ ಹೊರಟು, ನಿಮ್ಮ ಮಾತಿಗೆ ಹೊಂದುವಂತೆ ಹಂತ ಹಂತವಾಗಿ ಚುಕ್ಕಿಗಳನ್ನು ತಿದ್ದುತ್ತಾ ಚಿತ್ರ ಮಾಡುತ್ತವೆ. ಯಾವ ಮಾತಿಗೆ ಯಾವ ನೋಟ ಅನ್ನುವುದನ್ನು ಅವು ಕಲಿತದ್ದು ವಿವರಣೆ ಅಂಟಿಸಿದ ಕೋಟಿಗಟ್ಟಲೆ ಚಿತ್ರಗಳಿಂದ. 'ಪ್ರೊಫೆಷನಲ್' ಅನ್ನುವ ಪದ ಸಾವಿರ ಥರದ ಚಿತ್ರಗಳ ಜೊತೆ ಬಂದಿರುತ್ತದೆ, ಅದರಿಂದ ಏನೂ ಗಟ್ಟಿಯಾಗಿ ಹೊರಡುವುದಿಲ್ಲ. 'ಎಡದಿಂದ ದೊಡ್ಡ ಕಿಟಕಿಯ ಬೆಳಕು' ಅನ್ನುವ ಮಾತಿನ ಜೊತೆ ಬಂದಿರುವ ಚಿತ್ರಗಳು ಬಹಳಷ್ಟು ಒಂದೇ ಥರ ಇರುತ್ತವೆ. 'ಶೈನಿ' ಕೂಡ 'ಪ್ರೊಫೆಷನಲ್' ಥರವೇ. ಹೊಳಪು ಬೇಕು ಅನ್ನುವುದು ಅದಕ್ಕೆ ತಿಳಿಯುತ್ತದೆ, ಏನು ಪ್ರತಿಬಿಂಬಿಸಬೇಕು ಅನ್ನುವುದು ತಿಳಿಯುವುದಿಲ್ಲ. ಹಿನ್ನೆಲೆ ಬಿಳಿ ಅಂದಿದ್ದೀರಿ, ಅದನ್ನೇ ಮುಚ್ಚಳಕ್ಕೆ ಬಳಿಯುತ್ತದೆ. ಹೊಳೆಯುವ ವಸ್ತುವಿನ ಪ್ರಾಂಪ್ಟ್‌ನಲ್ಲಿ ವಸ್ತುವಿಗಿಂತ ಅದರ ಸುತ್ತಲಿನ ಕೋಣೆಯನ್ನೇ ಜಾಸ್ತಿ ಬಣ್ಣಿಸಬೇಕಾಗುತ್ತದೆ.

'ನೋ ಶ್ಯಾಡೋ' ಅಂದರೂ ನೆರಳು ಬಂದದ್ದಕ್ಕೂ ಕಾರಣ ಇಲ್ಲೇ ಇದೆ. ಹಲವು ಚಿತ್ರದ ಆ್ಯಪ್‌ಗಳಿಗೆ 'ಇಲ್ಲ', 'ಬೇಡ' ಸರಿಯಾಗಿ ಅರ್ಥವಾಗುವುದಿಲ್ಲ. ಯಾರೂ ಚಿತ್ರದ ಕೆಳಗೆ ಅದರಲ್ಲಿ ಏನಿಲ್ಲ ಅಂತ ಬರೆಯುವುದಿಲ್ಲ, ಅಲ್ವಾ? ನೆರಳು ಅನ್ನುವ ಪದ ಬಂತು, ನೆರಳಿನ ಕಡೆಗೇ ಚಿತ್ರ ವಾಲಿತು. ಕೆಲವು ಆ್ಯಪ್‌ಗಳಲ್ಲಿ ಬೇಡದ್ದನ್ನು ಬರೆಯಲು ಬೇರೆ ಜಾಗ ಇರುತ್ತದೆ. ಇಲ್ಲದಿದ್ದರೆ ಬೇಕಾದ್ದನ್ನೇ ಹೇಳಬೇಕು.

ನೆರಳು ಪೂರ್ತಿ ಬೇಡ ಅನ್ನುವುದೂ ಒಳ್ಳೆಯ ಬೇಡಿಕೆ ಅಲ್ಲ. ಪೆಟ್ಟಿಗೆ ನೆಲದ ಮೇಲೆ ಕೂತಿದೆ ಅಂತ ಕಣ್ಣಿಗೆ ಹೇಳುವುದೇ ಅದು. ನೆರಳಿನ ಅಂಚು ಎಷ್ಟು ಮಸುಕು ಅನ್ನುವುದಕ್ಕೆ ಸುಲಭ ಲೆಕ್ಕವಿದೆ. ಬೆಳಕಿನ ಅಗಲವನ್ನು ವಸ್ತುವಿನ ಎತ್ತರದಿಂದ ಗುಣಿಸಿ, ಬೆಳಕಿನ ದೂರದಿಂದ ಭಾಗಿಸಿ. 90 ಸೆಂಟಿಮೀಟರ್ ಅಗಲದ ಕಿಟಕಿ, ಒಂದೂವರೆ ಮೀಟರ್ ದೂರ, 8 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ. ಮುಚ್ಚಳದ ಅಂಚಿನ ನೆರಳು ಸುಮಾರು 5 ಸೆಂಟಿಮೀಟರ್ ಉದ್ದಕ್ಕೂ ಕರಗುತ್ತಾ ಹೋಗುತ್ತದೆ. ಅದೇ ಪೆಟ್ಟಿಗೆ ತಾರಸಿಯ ಬಿಸಿಲಿನಲ್ಲಿದ್ದರೆ ಮಸುಕು ಒಂದು ಮಿಲಿಮೀಟರೂ ಇರುವುದಿಲ್ಲ. ಸೂರ್ಯ ದೊಡ್ಡದೇ, ಆದರೆ ಅಷ್ಟು ದೂರದಿಂದ ಬರೀ ಅರ್ಧ ಡಿಗ್ರಿ ಅಗಲ ಕಾಣುತ್ತದೆ.

ಈ ಲೆಕ್ಕದಲ್ಲಿ ಎತ್ತರ ಸೊನ್ನೆ ಹಾಕಿ ನೋಡಿ, ಮಸುಕೂ ಸೊನ್ನೆ. ಅಂದರೆ ಪೆಟ್ಟಿಗೆಯ ಬುಡ ನೆಲ ಮುಟ್ಟುವ ಕಡೆ ನೆರಳು ಯಾವಾಗಲೂ ಗಾಢ, ಚೂಪು. ದೂರ ಹೋದ ಹಾಗೆ ತಿಳಿಯಾಗುತ್ತದೆ. ಸುತ್ತ ಒಂದೇ ಸಮ ಮಸುಕಿದ್ದರೆ ಅದು ಗಾಳಿಯಲ್ಲಿ ತೇಲುವ ವಸ್ತುವಿನ ನೆರಳು. ಅವರ ಚಿತ್ರದಲ್ಲಿ ಆಗಿದ್ದು ಅದೇ.

ಪೆಟ್ಟಿಗೆ ಇಡುವ ಮೇಲ್ಮೈ ವಿಚಾರ ಬೇಗ ಮುಗಿಸಬಹುದು. ಹೊಳಪಿಲ್ಲದ, ತಿಳಿ ಬಣ್ಣದ್ದು ಇರಲಿ. ಹಳೇ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲ ನೋಡಲು ಚೆಂದ. ಆದರೆ ಅದರಿಂದ ಪುಟಿಯುವ ಕೆಂಪು ಬೆಳಕು ಪೆಟ್ಟಿಗೆಯ ಪಕ್ಕಗಳಲ್ಲಿರುವ ತಿಳಿ ಮರದ ತುಂಡುಗಳಿಗೆ ಹತ್ತಿ, ಅವು ಬೇರೆ ಮರದ ಹಾಗೆ ಕಾಣುತ್ತವೆ. ಕಡಪ ಕಲ್ಲು ಪೆಟ್ಟಿಗೆಯನ್ನೇ ತಲೆಕೆಳಗಾಗಿ ತೋರಿಸುತ್ತದೆ. ಆ್ಯಪ್ ಆ ತಲೆಕೆಳಗಿನ ಚಿತ್ತಾರವನ್ನು ಸರಿಯಾಗಿ ಬರೆಯುವುದು ಅಪರೂಪ.

ಹೀಗಾಗಿ ಅವರು ಕಿಟಕಿ ಎಡಕ್ಕೆ ಬರುವಂತೆ ಪೆಟ್ಟಿಗೆ ತಿರುಗಿಸಿ, ಕಪ್ಪು ಬಟ್ಟೆ ತೂಗಿ, ಹೊಸದಾಗಿ ಫೋಟೋ ತೆಗೆದರು. ಪ್ರಾಂಪ್ಟ್ ಹೀಗಾಯಿತು:

```
Keep the box and its inlay exactly as in the photo.
Plain smooth matte white paper, camera looking down about 35 degrees.
Large soft window light from the left, slightly behind.
Lid reflects a dark area, one narrow soft highlight on its left edge.
Shadow falls to the right: dark and sharp at the base, then fading out.
```

ನಾಲ್ಕನೇ ಸಾಲು ಗಮನಿಸಿ. ಮುಚ್ಚಳ ಪೂರ್ತಿ ಕತ್ತಲನ್ನೇ ತೋರಿಸಿದರೆ ಪಾಲಿಶ್ ಸತ್ತ ಹಾಗೆ ಕಾಣುತ್ತದೆ. ಅಂಚಿನಲ್ಲಿ ಒಂದೇ ಒಂದು ಸಣ್ಣ ಬೆಳಕಿನ ಗೆರೆ ಇದ್ದರೆ ಹೊಳಪು ತಿಳಿಯುತ್ತದೆ. ಕೊನೆಯ ಸಾಲಿನ ಬಲಗಡೆ ಮೂರನೇ ಸಾಲಿನ ಎಡಗಡೆಗೆ ಹೊಂದಬೇಕು. ಫೋಟೋದಲ್ಲಿ ನಿಜಕ್ಕೂ ಬೆಳಕು ಎಡದಿಂದಲೇ ಬಂದಿರಬೇಕು. ಇಲ್ಲದಿದ್ದರೆ ಮರದ ಮೇಲಿನ ಬೆಳಕು ಒಂದು ಕಡೆ, ನೆರಳು ಇನ್ನೊಂದು ಕಡೆ ಹೇಳುತ್ತದೆ.

ಬಂದ ಚಿತ್ರವನ್ನು ಹಾಗೇ ನಂಬಬಾರದು. ಮುಚ್ಚಳದ ಎರಡು ಮೂಲೆಗಳನ್ನು ಅವುಗಳ ನೆರಳಿನ ಮೂಲೆಗಳಿಗೆ ಸ್ಕೇಲಿನಿಂದ ಗೆರೆ ಎಳೆದು ಸೇರಿಸಿ, ಗೆರೆಗಳನ್ನು ಹಿಂದಕ್ಕೆ ಎಡಗಡೆಗೆ ಬೆಳೆಸಿ. ಬೆಳಕು ಒಂದೇ ಆಗಿದ್ದರೆ ಗೆರೆಗಳೆಲ್ಲ ಹೆಚ್ಚುಕಡಿಮೆ ಕಿಟಕಿಯ ಕಡೆಗೇ ಹೋಗುತ್ತವೆ. ಒಂದು ಕಿಟಕಿಗೆ, ಇನ್ನೊಂದು ಅಡುಗೆಮನೆಗೆ ಹೋದರೆ ಆ ನೆರಳು ಸುಳ್ಳು. ಆಮೇಲೆ ಚಿತ್ತಾರವನ್ನು ದೊಡ್ಡದು ಮಾಡಿ, ಮೂಲ ಫೋಟೋ ಪಕ್ಕದಲ್ಲಿಟ್ಟು ಆನೆಯ ಕಾಲು, ದಂತ, ಬಳ್ಳಿಯ ಎಲೆ ಎಣಿಸಿ. 'ಹಾಗೇ ಇರಲಿ' ಅಂತ ಮೊದಲ ಸಾಲಿನಲ್ಲೇ ಬರೆದಿದ್ದರೂ ಹಲವು ಆ್ಯಪ್‌ಗಳು ಇಡೀ ಚಿತ್ರವನ್ನು ಮತ್ತೆ ಬರೆಯುತ್ತವೆ, ಸಣ್ಣ ಕೆಲಸ ಬದಲಾಗಿಬಿಡುತ್ತದೆ. ಪಕ್ಕಾ ದಾರಿ ಅಂದರೆ ಆ್ಯಪ್ ಕೊಟ್ಟ ಹಾಳೆ ಮತ್ತು ನೆರಳನ್ನು ಮಾತ್ರ ಇಟ್ಟುಕೊಂಡು, ಮೂಲ ಫೋಟೋದಿಂದ ಕತ್ತರಿಸಿದ ಪೆಟ್ಟಿಗೆಯನ್ನು ಅದೇ ಜಾಗಕ್ಕೆ ಕೂರಿಸುವುದು. ಅವರು ಕೊನೆಗೆ ಮಾಡಿದ್ದೂ ಇದನ್ನೇ. ಇದು ಬರೀ ಅಂದದ ಪ್ರಶ್ನೆಯಲ್ಲ. ಜಾಹೀರಾತು ವಸ್ತುವಿನ ನಿಜ ಗುಣಕ್ಕೆ ಹೊಂದಬೇಕು ಅಂತ 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳು ಮಾರುವವರಿಗೆ ಹೇಳುತ್ತವೆ.

ಒಂದು ವಿಷಯ ಮಾತ್ರ ಯಾವ ಪ್ರಾಂಪ್ಟಿಗೂ ಸಿಗುವುದಿಲ್ಲ. ಬೀಟೆ ಮರದ ಎಳೆಗಳು ಬೇರೆ ಬೇರೆ ದಿಕ್ಕಿಗೆ ಓರೆಯಾಗಿರುವ ಕಡೆ, ಪೆಟ್ಟಿಗೆ ತಿರುಗಿಸಿದ ಹಾಗೆ ಕಪ್ಪಾಗಿದ್ದ ಪಟ್ಟಿ ಬೆಳಗುತ್ತದೆ, ಬೆಳಗಿದ್ದು ಕಪ್ಪಾಗುತ್ತದೆ. ನಿಂತ ಚಿತ್ರದಲ್ಲಿ ಇದು ಬರುವುದಿಲ್ಲ. ಅದಕ್ಕೆ ಅದೇ ಕಿಟಕಿ, ಅದೇ ಕಪ್ಪು ಬಟ್ಟೆ ಇಟ್ಟುಕೊಂಡು, ಪೆಟ್ಟಿಗೆಯನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸುವ ಹತ್ತು ಸೆಕೆಂಡಿನ ವಿಡಿಯೋ ಒಂದನ್ನು ಫೋಟೋಗಳ ಜೊತೆ ಹಾಕುವುದು ಒಳ್ಳೆಯದು.