7 ರೂಪಾಯಿ ಎಲ್ಲಿಂದ ಬಂತು? ಪಿಎಫ್ ರೌಂಡಿಂಗ್ ಬಗ್ಗೆ ಟಿಪ್ಪಣಿ

ಪಿಎಫ್ ಕಟ್ಟಲು 15ನೇ ತಾರೀಕು ಕೊನೆ ದಿನ. 14ರ ರಾತ್ರಿ ಲೆಕ್ಕದ ಮೇಡಂ ಫೋನ್ ಮಾಡಿದರು. "ನೋಡಪ್ಪಾ, ಮಾಲೀಕರ ಪಾಲು ನಿನ್ನ ಪ್ರೋಗ್ರಾಂಗಿಂತ ನನ್ನ ಎಕ್ಸೆಲ್‌ನಲ್ಲಿ 7 ರೂಪಾಯಿ ಜಾಸ್ತಿ ಬರ್ತಿದೆ."

"ಏಳೇ ಅಲ್ವಾ ಮೇಡಂ, ನಾನೇ ಕೊಡ್ತೀನಿ" ಅಂದೆ. ಅವರು ನಗಲಿಲ್ಲ. ಆಫೀಸಿಗೆ ಹೋದೆ.

ಯಾರದೋ ಹೆಸರು ಬಿಟ್ಟುಹೋಗಿರಬೇಕು ಎಂದು ಹುಡುಕಲು ಕೂತೆ. ಮೇಡಂ ತಡೆದರು. "ಒಬ್ಬರು ಬಿಟ್ಟುಹೋದ್ರೆ ಸಾವಿರದ ಲೆಕ್ಕದಲ್ಲಿ ತಪ್ಪುತ್ತೆ. ಒಂದು ದಿನದ ಹಾಜರಿ ತಪ್ಪಿದ್ರೂ ಐವತ್ತು, ಅರವತ್ತು. ಇದು ಪೈಸೆ ಮಾಡಿದ ಕೆಲಸ."

ಮೊತ್ತ ಬಿಟ್ಟು, 41 ಜನರ ಸಾಲುಗಳನ್ನು ಒಂದೊಂದಾಗಿ ಕಳೆದು ನೋಡಿದೆವು. ಏಳು ಸಾಲಲ್ಲಿ ಒಂದೊಂದು ರೂಪಾಯಿ ವ್ಯತ್ಯಾಸ. ಏಳೂ ಜನರ ಪಿಎಫ್ ವೇತನ ಸರಿಯಾಗಿ 15,000.

ಮಾಲೀಕರು ಕಟ್ಟುವುದು ವೇತನದ 12%. ಅದರಲ್ಲಿ 8.33% ಪೆನ್ಷನ್‌ಗೆ, ಉಳಿದದ್ದು ಪಿಎಫ್‌ಗೆ. 15,000ಕ್ಕೆ ಪೆನ್ಷನ್ 1249.50. ಉಳಿದ 3.67% ಅಂದರೆ 550.50. ಎರಡರಲ್ಲೂ ಅರ್ಧ ರೂಪಾಯಿ! ಎಕ್ಸೆಲ್‌ನ `ROUND` ಶಾಲೆಯಲ್ಲಿ ಕಲಿತಂತೆ ಎರಡನ್ನೂ ಮೇಲಕ್ಕೆ ಎತ್ತಿತ್ತು: 1250, 551. ಕೂಡಿದರೆ 1801. ಪೈಥಾನ್ ಹಾಗಲ್ಲ. ಸರಿಯಾಗಿ ಅರ್ಧ ಬಂದರೆ ಹತ್ತಿರದ ಸಮ ಸಂಖ್ಯೆಗೆ ಹೋಗುತ್ತದೆ:

```python
from decimal import Decimal as D
round(D("1249.5"))  # 1250
round(D("550.5"))   # 550
```

ಕೂಡಿದರೆ 1800. "ನಂದೇ ಸರಿ ಮೇಡಂ" ಎಂದು ಬೀಗಿದೆ.

ಅವರು ಸುಮ್ನೆ ನೌಕರರ ಪಾಲಿನ ಮೊತ್ತ ಪಕ್ಕಕ್ಕಿಟ್ಟರು. ಅದೂ 12%, ಹಾಗಾಗಿ ಎರಡೂ ಒಂದೇ ಆಗಬೇಕು. ನನ್ನದು ಒಂದು ರೂಪಾಯಿ ಕಡಿಮೆ ಇತ್ತು! ಎಕ್ಸೆಲ್ ಆರು ರೂಪಾಯಿ ಜಾಸ್ತಿ.

ಆ ಒಂದು ರೂಪಾಯಿ ಸಿಗಲು ರಾತ್ರಿ ಒಂದಾಯಿತು. ಒಬ್ಬರ ವೇತನ 12,355. ಅದರ 12% ಅಂದರೆ 1482.60, ರೌಂಡ್ ಮಾಡಿದರೆ 1483. ಆದರೆ ಪೆನ್ಷನ್ 1029.17, ಉಳಿದದ್ದು 453.43. ಎರಡೂ ಕೆಳಕ್ಕಿಳಿದು 1029 + 453 = 1482. ಇಲ್ಲಿ ಅರ್ಧ ರೂಪಾಯಿಯ ಪ್ರಶ್ನೆಯೇ ಇಲ್ಲ, ಹಾಗಾಗಿ ಎಕ್ಸೆಲ್ ಕೂಡ ಅದೇ ತಪ್ಪು ಮಾಡಿತ್ತು. ನಮ್ಮಿಬ್ಬರ ಸಾಲುಗಳನ್ನು ಕಳೆದಾಗ ಅದು ಕಾಣದೇ ಹೋದದ್ದು ಅದಕ್ಕೇ. ಆ ಏಳು ಜನರಲ್ಲಿ ನಾನು ಗೆದ್ದದ್ದು ಬರೀ ಅದೃಷ್ಟ.

ಅಂದರೆ ತಪ್ಪು ರೌಂಡಿಂಗ್ ವಿಧಾನದ್ದಲ್ಲ, 3.67% ಎಂದು ಬೇರೆಯಾಗಿ ಲೆಕ್ಕ ಹಾಕಿದ್ದರದ್ದು. 12% ರೌಂಡ್ ಮಾಡಬೇಕು, ಪೆನ್ಷನ್ ರೌಂಡ್ ಮಾಡಬೇಕು, ಮೂರನೆಯದನ್ನು ಕಳೆದು ಪಡೆಯಬೇಕು: 1483 − 1029 = 454. ಅರ್ಧ ಬಂದರೆ ಮೇಲಕ್ಕೆ ಎಂದು ಪೈಥಾನ್‌ಗೂ `ROUND_HALF_UP` ಕೊಟ್ಟೆ. ಮೇಡಂ ತಮ್ಮ ಸೂತ್ರ ತಿದ್ದಿದರು. ಮೂರೂ ಮೊತ್ತ ಕೂಡಿಬಂದವು.

ಪಿಎಫ್ ಕಚೇರಿಯ ಪೋರ್ಟಲ್‌ಗೆ ಫೈಲ್ ಅಪ್‌ಲೋಡ್ ಮಾಡುವಾಗ ಮೇಡಂ ಒಂದು ಕಾಲಂ ಮೇಲೆ ಬೆರಳಿಟ್ಟರು: `EPF_EPS_DIFF_REMITTED`. "ಡಿಫರೆನ್ಸ್ ಅಂತ ಅವರೇ ಬರೆದಿದ್ದಾರಲ್ಲೋ" ಅಂದರು.