ಮೂರು ವರ್ಷ ಮುಗಿದ ಮಾತ್ರಕ್ಕೆ ಬಿಎ ಬರುವುದಿಲ್ಲ

ಐದು ವರ್ಷದ ಬಿಎ ಎಲ್‌ಎಲ್‌ಬಿಗೆ ಮಕ್ಕಳನ್ನು ಸೇರಿಸುವ ಮನೆಗಳಲ್ಲಿ ಒಂದು ಲೆಕ್ಕ ಇರುತ್ತದೆ. ಕಾನೂನು ಹಿಡಿಸದಿದ್ದರೆ ಮೂರು ವರ್ಷಕ್ಕೆ ಬಿಎ ತೆಗೆದುಕೊಂಡು ಹೊರಗೆ ಬಂದರಾಯಿತು ಅಂತ. ಅಡ್ಮಿಷನ್ ಹೊತ್ತಿನಲ್ಲಿ ಇದನ್ನು ಕೇಳಿ ಕೇಳಿ ಸಾಕಾಗಿದೆ. ಆ ಬಿಎ ಅಲ್ಲಿ ಇಲ್ಲ.

ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ 13ನೇ ನಿಯಮ ನೋಡಿ. ಜೋಡಿ ಪದವಿಯನ್ನು ಒಡೆದು, ಮಧ್ಯದಲ್ಲಿ ಒಂದನ್ನು ಕೊಟ್ಟು ಕಳಿಸುವಂತಿಲ್ಲ. ಡಿಗ್ರಿ ಆಗಿದೆ ಅಂತ ಮಧ್ಯದಲ್ಲಿ ಬಂದು ಸೇರುವಂತೆಯೂ ಇಲ್ಲ.

ಒಬ್ಬ ಹುಡುಗ ಆರು ಸೆಮಿಸ್ಟರನ್ನೂ ಒಂದೂ ಬ್ಯಾಕ್ ಇಲ್ಲದೆ ಮುಗಿಸಿ, ಕೆಎಎಸ್ ಬರೆಯುತ್ತೇನೆ ಅಂತ ಕಾಲೇಜು ಬಿಟ್ಟಿದ್ದ. ಅವನ ತಾಯಿ ಫೈಲ್ ಹಿಡಿದು ಬಂದರು. "ಮೇಡಂ, ಎಲ್ಲಾ ಪಾಸ್ ಇದೆ. ಬಿಎ ಅಂತೂ ಆಯ್ತಲ್ವಾ?" ಫೈಲಿನಲ್ಲಿ ಇದ್ದದ್ದು ಆರು ಮಾರ್ಕ್ಸ್ ಕಾರ್ಡ್, ಒಂದು ಟಿಸಿ. ಕೆಎಎಸ್ ಅರ್ಜಿ ಕೇಳುವುದು ಪದವಿ. ಮಾರ್ಕ್ಸ್ ಕಾರ್ಡ್ ಎಷ್ಟೇ ಇದ್ದರೂ ಕಾಗದದ ಮೇಲೆ ಅವನು ಪಿಯುಸಿ ಪಾಸಾದವನು. ಮೂರು ವರ್ಷದ ಎಲ್‌ಎಲ್‌ಬಿಗೂ ಮೊದಲು ಒಂದು ಡಿಗ್ರಿ ಬೇಕು, ಹಾಗಾಗಿ ಆ ಬಾಗಿಲೂ ಮುಚ್ಚಿತ್ತು. ಉಳಿದ ನಾಲ್ಕು ಸೆಮಿಸ್ಟರ್ ಮುಗಿಸಲು ವಾಪಸ್ ಸೇರಿಸಿಕೊಳ್ಳುತ್ತಾರಾ ಅಂತ ವಿಶ್ವವಿದ್ಯಾಲಯಕ್ಕೆ ಅರ್ಜಿ ಬರೆಸಿದೆ. ಬೇರೆ ಕಡೆ ಬಿಎಗೆ ಹೋಗುವುದಾದರೆ, ಹಳೆಯ ಕ್ರೆಡಿಟ್‌ಗಳಲ್ಲಿ ಎಷ್ಟನ್ನು ಒಪ್ಪುತ್ತಾರೆ ಅನ್ನುವುದು ಅವರ ನಿಯಮಕ್ಕೆ ಬಿಟ್ಟದ್ದು. ನಾನು ಭರವಸೆ ಕೊಡಲಾರೆ. ಜಾಣ ಹುಡುಗ, ಪಾಪ. ಬಿಡುವ ಮುಂಚೆ ಯಾರನ್ನಾದರೂ ಕೇಳಬಹುದಿತ್ತು.

ಈ ಗೊಂದಲ ಹುಟ್ಟುವುದು ರಾಷ್ಟ್ರೀಯ ಶಿಕ್ಷಣ ನೀತಿಯ ಮಾತು ಕೇಳಿ. ಯುಜಿಸಿಯ ನಾಲ್ಕು ವರ್ಷದ ಚೌಕಟ್ಟಿನಲ್ಲಿ ಮೊದಲ ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ ಅಂತ ಇದೆ, ನಿಜ. ಅಲ್ಲೂ ಸುಮ್ನೆ ಕೊಡುವುದಿಲ್ಲ. ಮೊದಲ ವರ್ಷಕ್ಕೆ 40 ಕ್ರೆಡಿಟ್ ಆದಮೇಲೆ, ಬೇಸಿಗೆಯಲ್ಲಿ 4 ಕ್ರೆಡಿಟ್‌ನ ವೃತ್ತಿ ಕೋರ್ಸೂ ಮಾಡಿರಬೇಕು. ಕರ್ನಾಟಕ ಸರ್ಕಾರವಂತೂ 2024-25ರಿಂದ ಮೂರು ವರ್ಷದ ಪದವಿಗೇ ಮರಳಿದೆ. ಹಾಗಾಗಿ ಯಾವ ವರ್ಷ, ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಅನ್ನುವುದನ್ನು ನೋಡದೆ ಉತ್ತರ ಹೇಳಲು ಬರುವುದಿಲ್ಲ.

ಐದು ವರ್ಷದ ಇಂಟಿಗ್ರೇಟೆಡ್ ಎಂಎಸ್ಸಿ ಬೇರೆ ಕಥೆ. ಅನೇಕ ಕಡೆ ಮೂರು ವರ್ಷಕ್ಕೆ ಬಿಎಸ್ಸಿ ಕೊಟ್ಟು ಬಿಡುತ್ತಾರೆ, ಕೆಲವು ಕಡೆ ಇಲ್ಲ. ಪ್ರಾಸ್ಪೆಕ್ಟಸ್ ಸಾಲದು, ಕೋರ್ಸಿನ ರೆಗ್ಯುಲೇಷನ್ ಕೇಳಿ ಪಡೆಯಿರಿ. ಬಿಡುವವರಿಗೆ ಯಾವ ಪದವಿ, ಯಾರಿಗೆ ಯಾವಾಗ ಅರ್ಜಿ ಕೊಡಬೇಕು ಅನ್ನುವುದು ಅದರಲ್ಲಿ ಇರಬೇಕು. ಏಳನೇ ಸೆಮಿಸ್ಟರ್ ಫೀಸ್ ಕಟ್ಟದೆ ಮನೆಯಲ್ಲಿ ಕೂತರೆ ಅವರ ದಾಖಲೆಯಲ್ಲಿ ನೀವು ಬಿಎಸ್ಸಿ ಆದವರಲ್ಲ, ಕೋರ್ಸ್ ಬಿಟ್ಟವರು.